ಮಾರ್ಚ್‌ನ ಬಿಲ್ಲು, ಜುಲೈಯ ರಿಟರ್ನ್: ನಾರಾವಿಯ ಲೆಕ್ಕದ ಪುಸ್ತಕದಿಂದ ಕೆಲವು ಪಾಠಗಳು

ನಾರಾವಿಯಲ್ಲಿ ಕೂತು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವವನಿಗೆ ಮಾರ್ಚ್ ತಿಂಗಳು ಎರಡು ಕಾರಣಕ್ಕೆ ದೊಡ್ಡದು. ವರ್ಷದ ಲೆಕ್ಕ ಮುಗಿಯುವುದು ಆಗಲೇ. ಶಾಲೆ ಶುರುವಾಗುವ ಮೊದಲಿನ ನೋಟ್‌ಬುಕ್ಕು ಅಂಗಡಿಗಳಿಗೆ ಹೋಗಲು ಶುರುವಾಗುವುದೂ ಆಗಲೇ. ವೇಣೂರು, ಅಳದಂಗಡಿ, ಹೊಸ್ಮಾರು, ಬಜಗೋಳಿ ಕಡೆಯ ಅಂಗಡಿಯವರು ಸಗಟು ವ್ಯಾಪಾರಿಯ ಹತ್ತಿರ ಒಂದೇ ಮಾತು ಹೇಳುತ್ತಾರೆ: ಖರ್ಚಾಗದೆ ಉಳಿದದ್ದನ್ನು ವಾಪಸು ತೆಗೆದುಕೊಳ್ಳುವುದಾದರೆ ಇಳಿಸಿ. ಸಗಟುದಾರ ಒಪ್ಪುತ್ತಾನೆ, ಒಪ್ಪದಿದ್ದರೆ ಮಾಲು ಹೋಗುವುದೇ ಇಲ್ಲ. ಈ ಒಪ್ಪಿಗೆಗೆ ಲೆಕ್ಕದಲ್ಲಿ ಒಂದು ಬೆಲೆ ಇದೆ.

1. ಬಿಲ್ಲಿನ ಮೊತ್ತವೆಲ್ಲ ಆದಾಯವಲ್ಲ

ಇದನ್ನು ಹೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಬಿಲ್ಲು ಮಾಡಿ ಕೊಟ್ಟಾಯಿತಲ್ಲ, ಮತ್ತೆ ಅದು ಮಾರಾಟ ಅಲ್ಲದೆ ಎಂತ ಮಾರ್ರೆ?" ಮಾರಾಟ ಹೌದು. ಆದರೆ ಆದಾಯವೆಂದರೆ ನಿಜವಾಗಿ ನಮ್ಮ ಕೈಗೆ ದಕ್ಕುತ್ತದೆ ಎಂದು ನಾವು ನಿರೀಕ್ಷಿಸುವ ಹಣ. ವಾಪಸು ಬರುತ್ತದೆ ಎಂದು ಗೊತ್ತಿರುವ ಭಾಗದ ಹಣವನ್ನು ಅಂಗಡಿಯವರಿಗೆ ಹಿಂದೆ ಕೊಡಬೇಕು, ಇಲ್ಲವೇ ಅವರ ಬಾಕಿಯಲ್ಲಿ ಕಡಿಮೆ ಮಾಡಬೇಕು. ಅದು ಮೊದಲ ದಿನದಿಂದಲೇ ನಮ್ಮ ಹೊಣೆ. ಭಾರತದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇಂಡ್ ಎಎಸ್ 115 ಹೇಳುವುದೂ ಇದನ್ನೇ: ಮರಳಬಹುದಾದ ಮಾಲಿನ ಮಟ್ಟಿಗೆ ಆದಾಯ ಬರೆಯಬೇಡಿ, ಆ ಮೊತ್ತವನ್ನು ಮರುಪಾವತಿ ಹೊಣೆ ಎಂದು ತೋರಿಸಿ.

ಆ ಮಾನದಂಡ ಕಡ್ಡಾಯವಾಗಿರುವುದು ಷೇರುಪೇಟೆಯ ಕಂಪನಿಗಳಿಗೆ ಮತ್ತು 250 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಮೌಲ್ಯ ಇರುವಂಥವುಗಳಿಗೆ. ನಾರಾವಿಯ ಪಾಲುದಾರಿಕೆ ಅಂಗಡಿಗೆ ಅದು ಅನ್ವಯಿಸುವುದಿಲ್ಲ. ಆದರೂ ಹಳೆಯ ಎಎಸ್ 9 ಕೂಡ, ಹಣ ವಾಪಸು ಮಾಡುವ ಭರವಸೆಯ ಚಿಲ್ಲರೆ ಮಾರಾಟದಲ್ಲಿ ಹಿಂದಿನ ಅನುಭವ ನೋಡಿ ರಿಟರ್ನ್‌ಗೆ ತಕ್ಕಷ್ಟು ತೆಗೆದಿರಿಸುವುದು ಸರಿಯಾದೀತು ಎನ್ನುತ್ತದೆ. ಸಣ್ಣವರಿಗೆ ಇದು ಬೇಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಲಾಭ ನೋಡಿ ಪಾಲುದಾರರು ಹಣ ತೆಗೆಯುವುದು ಸಣ್ಣ ವ್ಯಾಪಾರದಲ್ಲೇ ಹೆಚ್ಚು.

2. ಎರಡು ಜೋಡಿ ಬರೆಯಬೇಕು, ಒಂದಲ್ಲ

ಅಂಕಿಗಳನ್ನು ದುಂಡಾಗಿ ಇಟ್ಟುಕೊಳ್ಳೋಣ. ಮಾರ್ಚ್‌ನಲ್ಲಿ 5,000 ನೋಟ್‌ಬುಕ್ಕು ಅಂಗಡಿಗಳಿಗೆ ಹೋಯಿತು. ಮಾರಿದ ದರ 40 ರೂಪಾಯಿ, ನಮಗೆ ಬಿದ್ದ ದರ 30. ಬಿಲ್ಲಿನ ಮೊತ್ತ 2,00,000. ಜುಲೈ ಮಧ್ಯದವರೆಗೆ ವಾಪಸು ಮಾಡಬಹುದು. ಹಿಂದಿನ ವರ್ಷಗಳ ಪ್ರಕಾರ ನೂರಕ್ಕೆ ಹತ್ತು ತಿರುಗಿ ಬರುತ್ತದೆ, ಅಂದರೆ 500 ಪುಸ್ತಕ.

ಮೊದಲ ಜೋಡಿ ಮಾರಾಟದ್ದು. ಅಂಗಡಿಗಳಿಂದ ಬರಬೇಕಾದದ್ದು 2,00,000 ಎಂದೇ ನಿಲ್ಲುತ್ತದೆ. ಅದರ ಎದುರಿಗೆ ಆದಾಯ 1,80,000, ಮರುಪಾವತಿ ಹೊಣೆ 20,000.

ಎರಡನೆಯ ಜೋಡಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸ್ಟಾಕಿನಿಂದ 1,50,000 ರೂಪಾಯಿಯ ಮಾಲು ಹೊರಗೆ ಹೋಗಿದೆ, ಆದರೆ ಅದರಲ್ಲಿ 500 ಪುಸ್ತಕ ನಮ್ಮ ಗೋದಾಮಿಗೆ ಮರಳಿ ಬರಲಿದೆ. ಅವುಗಳ ಅಸಲು 15,000. ಅವನ್ನು ತರುವ ಟೆಂಪೋ ಬಾಡಿಗೆ, ಮಳೆಗಾಲದ ತೇವಕ್ಕೆ ಸುರುಟಿದ ರಟ್ಟು, ಬಣ್ಣ ಹೋದ ಹೊದಿಕೆ ಇವಕ್ಕೆಲ್ಲ 2,000 ಕಳೆಯೋಣ. ಉಳಿದ 13,000 ರೂಪಾಯಿ ಮರಳಿ ಪಡೆಯುವ ಹಕ್ಕು, ಅದು ಆಸ್ತಿಯ ಬದಿಗೆ ಹೋಗುತ್ತದೆ. ಮಾರಿದ ಮಾಲಿನ ವೆಚ್ಚವಾಗಿ ಬರೆಯುವುದು 1,37,000.

ಈಗ ಮಾರ್ಚ್‌ನ ಲಾಭ 43,000. ಏನೂ ತೆಗೆದಿರಿಸದೆ ಬರೆದಿದ್ದರೆ 50,000 ಕಾಣುತ್ತಿತ್ತು. ಆ 7,000 ಎಲ್ಲಿಯೂ ಹೋಗುವುದಿಲ್ಲ, ಮುಂದಿನ ವರ್ಷದ ಜುಲೈಯಲ್ಲಿ ನಷ್ಟವಾಗಿ ಬಂದು ಕೂರುತ್ತದೆ, ಅಷ್ಟರೊಳಗೆ ಪಾಲುದಾರರು 50,000 ಹಂಚಿಕೊಂಡಾಗಿರುತ್ತದೆ. ಎರಡನೆಯ ಜೋಡಿ ಬಿಟ್ಟರೆ ತಪ್ಪು ಇನ್ನೊಂದು ದಿಕ್ಕಿಗೆ: ಆದಾಯ ಮಾತ್ರ ಇಳಿದು, ಲಾಭ 30,000ಕ್ಕೆ ಬೀಳುತ್ತದೆ.

20,000 ಹೊಣೆಯಿಂದ 13,000 ಆಸ್ತಿಯನ್ನು ಕಳೆದು 7,000 ಎಂದು ಒಂದೇ ಸಾಲಿನಲ್ಲಿ ತೋರಿಸಬಾರದು. ಒಂದು ನಾವು ಕೊಡಬೇಕಾದ ಹಣ, ಇನ್ನೊಂದು ನಮಗೆ ಬರಬೇಕಾದ ಪುಸ್ತಕ. ಸಾಲ ಕೊಟ್ಟ ಬ್ಯಾಂಕಿಗೂ ಎರಡೂ ಬೇರೆಬೇರೆಯಾಗಿ ಕಾಣಬೇಕು, ಏಕೆಂದರೆ ಸಿಸಿ ಮಿತಿಯ ಲೆಕ್ಕಕ್ಕೆ ಅವರು ಹಿಡಿಯುವ 2,00,000 ಬಾಕಿಯಲ್ಲಿ 20,000 ಹಣವಾಗಿ ಬರುವುದೇ ಇಲ್ಲ.

3. ಅಂದಾಜು ಎಲ್ಲಿಂದ ಬರುತ್ತದೆ

"ನೂರಕ್ಕೆ ಹತ್ತು" ಎನ್ನುವುದು ಮಾಲೀಕರ ನೆನಪಿನಿಂದ ಬಂದರೆ ಸಾಲದು. ಏಪ್ರಿಲ್‌ನಿಂದ ಜುಲೈವರೆಗಿನ ಕ್ರೆಡಿಟ್ ನೋಟುಗಳನ್ನು ತೆಗೆದು, ಪ್ರತಿಯೊಂದರ ಹಿಂದಿನ ಬಿಲ್ಲು ಯಾವ ತಿಂಗಳದ್ದೆಂದು ನೋಡಬೇಕು. ಹಿಂದಿನ ವರ್ಷಗಳ ಕಟ್ಟು ತೆರೆದರೆ ಪ್ರಮಾಣ ತಾನಾಗಿ ಕಾಣುತ್ತದೆ. ಶಾಲೆಯ ಗೇಟಿನ ಎದುರಿನ ಅಂಗಡಿಯಲ್ಲಿ ಉಳಿಯುವುದು ಬೇರೆ, ಒಳಗಿನ ಹಳ್ಳಿಯ ಜೀನಸು ಅಂಗಡಿಯಲ್ಲಿ ಉಳಿಯುವುದು ಬೇರೆ. ಆದ್ದರಿಂದ ಒಂದೇ ಬಗೆಯ ಅಂಗಡಿಗಳನ್ನು ಗುಂಪು ಮಾಡಿ ಅಂದಾಜು ಹಾಕುವುದು ವಾಸಿ.

ಅನುಭವವೇ ಇಲ್ಲದ ಮಾಲಿನ ವಿಷಯ ಬೇರೆ. ಹೊಸ ಕಂಪನಿಯ ಪುಸ್ತಕ, ಹೊಸ ಊರಿನ ಅಂಗಡಿಗಳು, ಎಷ್ಟು ತಿರುಗಿ ಬರಬಹುದೆಂದು ಹೇಳಲು ಯಾವ ಆಧಾರವೂ ಇಲ್ಲ. ಬರೆದ ಆದಾಯವನ್ನು ಆಮೇಲೆ ದೊಡ್ಡ ಮಟ್ಟದಲ್ಲಿ ಹಿಂದೆಗೆಯುವ ಪ್ರಸಂಗ ಬಾರದು ಎಂದು ಬಲವಾಗಿ ಹೇಳಬಲ್ಲಷ್ಟು ಮಾತ್ರ ಬರೆಯಬೇಕು. ಅಷ್ಟೂ ಹೇಳಲಾಗದಿದ್ದರೆ, ಮರಳಿಸುವ ಅವಧಿ ಮುಗಿಯುವವರೆಗೆ ಆದಾಯ ಬರೆಯದೆ ಕಾಯಬೇಕಾಗುತ್ತದೆ.

4. ಎಲ್ಲ ವಾಪಸೂ ರಿಟರ್ನ್ ಅಲ್ಲ

ಒಂದು ಕಟ್ಟಿನಲ್ಲಿ ಹಾಳೆ ಹರಿದಿದೆ, ಅಂಗಡಿಯವರು ಅದನ್ನು ಕೊಟ್ಟು ಒಳ್ಳೆಯ ಕಟ್ಟು ಕೇಳುತ್ತಾರೆ. ಅದು ದೋಷದ ಮಾಲು, ಗ್ಯಾರಂಟಿಯ ಲೆಕ್ಕ. ನೀಲಿ ಹೊದಿಕೆ ಬೇಡ, ಅದೇ ಪುಟದ, ಅದೇ ಬೆಲೆಯ ಹಸಿರು ಕೊಡಿ ಎನ್ನುವುದೂ ಇಲ್ಲಿ ರಿಟರ್ನ್ ಎನಿಸಿಕೊಳ್ಳುವುದಿಲ್ಲ. ಇವೆರಡನ್ನೂ ಅಂದಾಜಿನೊಳಗೆ ಸೇರಿಸಿದರೆ ಪ್ರಮಾಣ ಸುಮ್ಮನೆ ಏರುತ್ತದೆ.

ಬೇಕರಿ ಲೈನಿನವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ದಿನ ಮೀರಿದ ಬ್ರೆಡ್ಡು ವಾಪಸು ಬಂದರೂ ಅದನ್ನು ಮತ್ತೆ ಮಾರುವಂತಿಲ್ಲ. ಮರುಪಾವತಿ ಹೊಣೆ ಬರೆಯಬೇಕು, ಆಸ್ತಿಯ ಬದಿಗೆ ಬರೆಯಲು ಏನೂ ಇಲ್ಲ. ಪೂರ್ತಿ ಅಸಲು ವೆಚ್ಚಕ್ಕೆ ಹೋಗುತ್ತದೆ.

5. ಜುಲೈಯಲ್ಲಿ ಲೆಕ್ಕ ತಿದ್ದುವುದು

ಅಂದಾಜು 500 ಇದ್ದಲ್ಲಿ 620 ಬಂತೆನ್ನಿ. ಮೊದಲ 500ಕ್ಕೆ ಹೊಣೆ ತೀರುತ್ತದೆ, ಅವುಗಳ ಹಕ್ಕು ಸ್ಟಾಕಾಗಿ ತಿರುಗುತ್ತದೆ. ಹೆಚ್ಚಿನ 120 ಪುಸ್ತಕದ 4,800 ರೂಪಾಯಿ ಹೊಸ ವರ್ಷದ ಆದಾಯದಿಂದ ಇಳಿಯುತ್ತದೆ, ಅವುಗಳ 3,600 ಅಸಲು, ಹಾಳಾದದ್ದನ್ನು ಕಳೆದು, ಸ್ಟಾಕಿಗೆ ಬರುತ್ತದೆ. 400 ಮಾತ್ರ ಬಂದರೆ ಉಳಿದ 4,000 ಹೊಣೆ ಆದಾಯವಾಗುತ್ತದೆ. ಆಗ ತಿಳಿದದ್ದರ ಮೇಲೆ ಮಾಡಿದ ಅಂದಾಜಾಗಿದ್ದರೆ ಮಾರ್ಚ್‌ನ ಲೆಕ್ಕವನ್ನು ಹಿಂದೆ ಹೋಗಿ ತಿದ್ದಬೇಕಾಗಿಲ್ಲ.

6. ಜಿಎಸ್‌ಟಿ ಅಂದಾಜನ್ನು ಕೇಳುವುದಿಲ್ಲ

ನೋಟ್‌ಬುಕ್ಕಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಇಲ್ಲ. ಆದರೆ ಅದೇ ಟೆಂಪೋದಲ್ಲಿ ಛತ್ರಿ, ಶಾಲೆಯ ಬ್ಯಾಗೂ ಹೋಗುತ್ತವೆ, ಅವಕ್ಕೆ ತೆರಿಗೆ ಇದೆ. ಮರುಪಾವತಿ ಹೊಣೆ ಬರೆದಿದ್ದೇವೆಂದು ತೆರಿಗೆ ಕಡಿಮೆ ಕಟ್ಟುವಂತಿಲ್ಲ. ಬಿಲ್ಲಿನ ಪೂರ್ತಿ ಮೊತ್ತಕ್ಕೆ ಕಟ್ಟಬೇಕು, ಮಾಲು ನಿಜವಾಗಿ ವಾಪಸು ಬಂದ ಮೇಲೆ ಕ್ರೆಡಿಟ್ ನೋಟು ಕೊಟ್ಟು ಇಳಿಸಿಕೊಳ್ಳಬೇಕು. ಅಂಗಡಿಯವರು ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಅವರೂ ಅದನ್ನು ಬಿಟ್ಟುಕೊಡಬೇಕು. ಆ ನೋಟನ್ನು ರಿಟರ್ನ್‌ನಲ್ಲಿ ತೋರಿಸಲು ಬಿಲ್ಲಿನ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30 ಕೊನೆ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಆ ದಿನವೇ ಕೊನೆ. ಮಾರ್ಚ್ 28ರ ಬಿಲ್ಲಿಗೆ ಸಿಗುವುದು ಎಂಟು ತಿಂಗಳು, ಏಪ್ರಿಲ್ 2ರ ಬಿಲ್ಲಿಗೆ ಹತ್ತಿರ ಹತ್ತಿರ ಇಪ್ಪತ್ತು. ಹಾಗಾಗಿ ಜುಲೈಯಲ್ಲಿ ಟೆಂಪೋ ಬಂದ ದಿನವೇ ಯಾವ ಕಟ್ಟು ಯಾವ ಬಿಲ್ಲಿನದ್ದೆಂದು ಬರೆದಿಡಲು ಹುಡುಗರಿಗೆ ಹೇಳಿರುತ್ತೇನೆ. ನವೆಂಬರ್‌ನಲ್ಲಿ ಗೋದಾಮಿನ ರಾಶಿಯೊಳಗೆ ಅದನ್ನು ಹುಡುಕಲು ಆಗುವುದಿಲ್ಲ.