ಒಟಿಟಿ ಖಾತೆ ಕಳ್ಳರ ಪಾಲಾದರೆ ಮೊದಲು ಹುಡುಕಬೇಕಾದ್ದು ಪಾವತಿಯ ದಾಖಲೆ

ದಾವಣಗೆರೆಯ ಒಬ್ಬ ಮೇಷ್ಟ್ರ ಮನೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 199 ರೂಪಾಯಿಯ ನೆಟ್‌ಫ್ಲಿಕ್ಸ್ ಬೇಸಿಕ್ ಪ್ಲಾನ್. ದುಡ್ಡು ಯುಪಿಐ ಆಟೊಪೇ ಮೂಲಕ ತಾನಾಗಿಯೇ ಹೋಗುತ್ತದೆ. ಒಂದು ಮಧ್ಯಾಹ್ನ ಮೊಬೈಲಿಗೆ ಸಂದೇಶ ಬರುತ್ತದೆ: ನಾಳೆ ನಿಮ್ಮ ಖಾತೆಯಿಂದ 649 ರೂಪಾಯಿ ಕಡಿತವಾಗಲಿದೆ. ಮೇಷ್ಟ್ರು ಅದನ್ನು ಜಾಹೀರಾತು ಅಂದುಕೊಂಡು ಬಿಡುತ್ತಾರೆ. ಸಂಜೆ ಮಗಳು ಟಿವಿ ಹಾಕಿದರೆ ಲಾಗಿನ್ ಕೇಳುತ್ತದೆ. ಇಮೇಲ್ ಹಾಕಿದರೆ ಈ ವಿಳಾಸದಲ್ಲಿ ಖಾತೆಯೇ ಇಲ್ಲ ಎನ್ನುತ್ತದೆ.

ಇಂಥ ಹೊತ್ತಲ್ಲಿ ಮನೆಯವರೆಲ್ಲ ಸೇರಿ ಮಾಡುವ ಕೆಲಸ ಒಂದೇ: ಪಾಸ್‌ವರ್ಡ್ ಬದಲಿಸುವ ಪುಟಕ್ಕೆ ಹೋಗಿ ಮೇಲಿಂದ ಮೇಲೆ ಬಟನ್ ಒತ್ತುವುದು. ಅದರಿಂದ ಪ್ರಯೋಜನವಿಲ್ಲ. ಖಾತೆಯ ಇಮೇಲೇ ಬದಲಾಗಿದ್ದರೆ ಪಾಸ್‌ವರ್ಡ್ ಬದಲಿಸುವ ಲಿಂಕ್ ಹೋಗುವುದು ಕಳ್ಳನ ಮೇಲ್‌ಗೆ. ಇಮೇಲ್, ಪ್ರೊಫೈಲ್, ಕಾರ್ಡ್ ಎಲ್ಲವನ್ನೂ ಅವನು ಬದಲಿಸಬಲ್ಲ. ಆದರೆ ಕಳೆದ ತಿಂಗಳವರೆಗೆ ದುಡ್ಡು ಕಟ್ಟಿದವರು ಯಾರು ಎಂಬುದನ್ನು ಬದಲಿಸಲಾರ. ಖಾತೆ ವಾಪಸ್ ಬರುವುದು ಆ ದಾಖಲೆಯ ಬಲದ ಮೇಲೆ. ಹಾಗಾಗಿ ಸಿಟ್ಟಿನಲ್ಲಿ ಆಟೊಪೇ ರದ್ದು ಮಾಡಿ, ಹಳೆಯ ಮೇಲ್‌ಗಳನ್ನೆಲ್ಲ ಅಳಿಸಿ ಕೂರಬೇಡಿ.

ಮೊದಲು ಮೇಲ್ ಪೆಟ್ಟಿಗೆ

ಕಳ್ಳ ಒಳಗೆ ಬರುವ ದಾರಿ ಬಹಳ ಸಲ ತೀರಾ ಸಾದಾ. ಎಂದೋ ಒಂದು ಶಾಪಿಂಗ್ ತಾಣದಲ್ಲಿ ನೀವು ಕೊಟ್ಟಿದ್ದ ಇಮೇಲ್ ಮತ್ತು ಪಾಸ್‌ವರ್ಡ್ ಸೋರಿಕೆಯಾಗಿರುತ್ತದೆ. ಅದೇ ಜೋಡಿಯನ್ನು ತಂತ್ರಾಂಶದ ಮೂಲಕ ಹತ್ತಾರು ಸೇವೆಗಳಲ್ಲಿ ಹಾಕಿ ನೋಡುತ್ತಾರೆ. ತೆರೆದುಕೊಂಡ ಖಾತೆಗಳನ್ನು ಮಾರಿಬಿಡುತ್ತಾರೆ. 2019ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಡಿಸ್ನಿ ಪ್ಲಸ್ ಶುರುವಾದ ಕೆಲವೇ ದಿನಗಳಲ್ಲಿ ಅದರ ಚಂದಾದಾರರ ಖಾತೆಗಳು ಅಂತರ್ಜಾಲದ ಕಳ್ಳಸಂತೆಯಲ್ಲಿ ಬಿಕರಿಗೆ ಬಂದಿದ್ದವು. ಹೀಗಾಗಿ ನಿಮ್ಮ ಖಾತೆಯಲ್ಲಿ ಕೂತು ಸಿನಿಮಾ ನೋಡುತ್ತಿರುವವನು ಕದ್ದವನೇ ಆಗಿರಬೇಕಿಲ್ಲ, ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನೂ ಇರಬಹುದು.

ನೆಟ್‌ಫ್ಲಿಕ್ಸ್‌ಗೂ ಜಿಮೇಲ್‌ಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದರೆ ಮೇಲ್ ಕೂಡ ಅವನ ಕೈಯಲ್ಲಿರಬಹುದು. ಆಗ ನೀವು ಖಾತೆ ವಾಪಸ್ ಪಡೆದರೂ ಮರುದಿನವೇ ಮತ್ತೆ ಕಳೆದುಕೊಳ್ಳುತ್ತೀರಿ. ಆದ್ದರಿಂದ ಕೆಲಸ ಇಲ್ಲಿಂದ ಶುರುವಾಗಬೇಕು. myaccount.google.com/security ಪುಟ ತೆರೆದು ಯಾವ ಯಾವ ಸಾಧನಗಳಲ್ಲಿ ನಿಮ್ಮ ಮೇಲ್ ತೆರೆದಿದೆ ನೋಡಿ. ಗುರುತಿಲ್ಲದ್ದನ್ನು ಹೊರಹಾಕಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ.

ಬಹಳ ಜನ ಬಿಟ್ಟುಬಿಡುವ ಜಾಗ ಇನ್ನೊಂದಿದೆ. ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು Filters and Blocked Addresses ಮತ್ತು Forwarding ಎಂಬ ಎರಡು ಭಾಗ ನೋಡಿ. ನೆಟ್‌ಫ್ಲಿಕ್ಸ್‌ನಿಂದ ಬಂದ ಮೇಲ್ ನೇರ ಕಸದ ಬುಟ್ಟಿಗೆ ಹೋಗಲಿ ಎಂದು ಕಳ್ಳ ಒಂದು ಫಿಲ್ಟರ್ ಬರೆದಿಟ್ಟಿದ್ದರೆ, ಎಚ್ಚರಿಕೆಯ ಮೇಲ್ ಬಂದರೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಅಂಥದ್ದು ಕಂಡರೆ ಫೋಟೊ ತೆಗೆದಿಟ್ಟುಕೊಂಡು ಅಳಿಸಿ. ಆಮೇಲೆ ಜಿಮೇಲ್‌ನ ಹುಡುಕಾಟದ ಜಾಗದಲ್ಲಿ ಹೀಗೆ ಹಾಕಿ:

```
in:anywhere from:netflix.com
```

ಕಸದ ಬುಟ್ಟಿ, ಸ್ಪ್ಯಾಮ್ ಸೇರಿದಂತೆ ಎಲ್ಲ ಕಡೆಯಿಂದಲೂ ಮೇಲ್‌ಗಳು ಬರುತ್ತವೆ. ಕಸದ ಬುಟ್ಟಿಗೆ ಹೋದದ್ದು 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುವುದರಿಂದ ತಡ ಮಾಡಬೇಡಿ. ಖಾತೆ ತೆರೆದಾಗ ಬಂದ ಸ್ವಾಗತದ ಮೇಲ್, ಇಮೇಲ್ ಅಥವಾ ಪಾಸ್‌ವರ್ಡ್ ಬದಲಾಗಿದೆ ಎಂಬ ಮೇಲ್, ಪ್ಲಾನ್ ಬದಲಾಗಿದೆ ಎಂಬ ಮೇಲ್ ಸಿಕ್ಕರೆ ಅವುಗಳ ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಅದರೊಳಗಿನ ಲಿಂಕ್ ಮಾತ್ರ ಒತ್ತಬೇಡಿ. ಖಾತೆ ಕಳೆದುಕೊಂಡವರ ಗಾಬರಿಯನ್ನೇ ನಂಬಿಕೊಂಡು ನಕಲಿ ಮೇಲ್ ಕಳಿಸುವವರಿದ್ದಾರೆ. ಅನುಮಾನದ ಮೇಲ್ ಬಂದರೆ phishing@netflix.com ವಿಳಾಸಕ್ಕೆ ರವಾನಿಸಬಹುದು.

ದುಡ್ಡಿನ ಜಾಡು

ಈಗ ಫೋನ್‌ಪೇ, ಗೂಗಲ್ ಪೇ, ಹೀಗೆ ನೀವು ಬಳಸುವ ಆ್ಯಪ್‌ನಲ್ಲಿ ಆಟೊಪೇ ಭಾಗ ತೆರೆಯಿರಿ. ನೆಟ್‌ಫ್ಲಿಕ್ಸ್ ಹೆಸರಿನ ಮುಂದೆ ಯಾವತ್ತು ಶುರುವಾಯಿತು, ಗರಿಷ್ಠ ಎಷ್ಟು ಕಡಿತವಾಗಬಹುದು, ಹಿಂದಿನ ಕಡಿತಗಳು ಯಾವುವು ಎಂದಿರುತ್ತದೆ. ಆ ಗರಿಷ್ಠ ಮಿತಿಯೊಳಗೆ ಬಂದರೆ 199ರ ಬದಲು 649 ಕಡಿತವಾಗಲೂ ನಿಮ್ಮ ಪಿನ್ ಬೇಕಾಗುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 15,000 ರೂಪಾಯಿಯವರೆಗಿನ ಇಂಥ ನಿಯತ ಪಾವತಿಗೆ ಪ್ರತಿ ಸಲ ಒಪ್ಪಿಗೆ ಕೇಳಬೇಕಿಲ್ಲ, ಆದರೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಕೊಡಬೇಕು. ಮೇಷ್ಟ್ರು ಜಾಹೀರಾತು ಅಂದುಕೊಂಡದ್ದು ಈ ಸೂಚನೆಯನ್ನೇ. ಅದರಲ್ಲಿ ಮೊತ್ತವೊಂದನ್ನು ಓದಿದ್ದರೂ ಕಳ್ಳತನ ಕೆಲವು ಗಂಟೆ ಮೊದಲೇ ಗೊತ್ತಾಗುತ್ತಿತ್ತು.

ಕಡಿತ ನಾಳೆಯೇ ಇದ್ದರೆ ಆಟೊಪೇಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರದ್ದು ಮಾಡುವುದನ್ನು ಆಮೇಲೆ ನೋಡಿದರಾಯಿತು. ಹಿಂದಿನ ಎರಡು ಮೂರು ಪಾವತಿಗಳ ದಿನಾಂಕ, ಮೊತ್ತ, ವಹಿವಾಟಿನ ಸಂಖ್ಯೆ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕಾರ್ಡಿನಿಂದ ಕಟ್ಟುತ್ತಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕಾರ್ಡಿನ ಕೊನೆಯ ನಾಲ್ಕು ಅಂಕಿ ಕೈಯಲ್ಲಿರಲಿ. 2022ರ ಅಕ್ಟೋಬರ್‌ನಿಂದ ನಮ್ಮ ದೇಶದಲ್ಲಿ ವ್ಯಾಪಾರಿಗಳು ಪೂರ್ತಿ ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ. ಕಳ್ಳ ನಿಮ್ಮ ಖಾತೆಯ ಪುಟದಲ್ಲಿ ಎಷ್ಟೇ ತಡಕಾಡಿದರೂ ಪೂರ್ತಿ ಸಂಖ್ಯೆ ಸಿಗಲಾರದು, ಅಷ್ಟರ ಮಟ್ಟಿಗೆ ನಿರಾಳ.

ಸಹಾಯ ಕೇಂದ್ರಕ್ಕೆ ಏನು ಹೇಳಬೇಕು

ಮೊದಲು netflix.com/LoginHelp ಪುಟದಲ್ಲಿ ಇಮೇಲ್ ಬಿಟ್ಟು ಮೊಬೈಲ್ ಸಂಖ್ಯೆಯ ಆಯ್ಕೆ ಪ್ರಯತ್ನಿಸಿ. ಕಳ್ಳ ಇಮೇಲ್ ಬದಲಿಸಿ ಫೋನ್ ಸಂಖ್ಯೆ ಬದಲಿಸಲು ಮರೆತಿದ್ದರೆ ಎಸ್‌ಎಂಎಸ್ ನಿಮಗೇ ಬರುತ್ತದೆ, ಖಾತೆ ಅಲ್ಲೇ ಸಿಕ್ಕಿತು. ಸಂದೇಶ ಬರದಿದ್ದರೆ help.netflix.com ತೆರೆದು ಚಾಟ್ ಅಥವಾ ಕರೆಯ ಆಯ್ಕೆ ಆರಿಸಿ. ಮೊಬೈಲ್ ಆ್ಯಪ್‌ನ ಒಳಗಿನಿಂದಲೂ ಕರೆ ಮಾಡಬಹುದು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಎಂದು ಹುಡುಕಿ ಸಿಕ್ಕ ಮೊದಲ ಸಂಖ್ಯೆಗೆ ಕರೆ ಮಾಡಲೇಬೇಡಿ. ಅಲ್ಲಿ ಫೋನ್ ಎತ್ತುವವನು ಎರಡನೇ ಕಳ್ಳ ಆಗಿರುವ ಸಾಧ್ಯತೆ ಇದೆ. ಮೊಬೈಲ್ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದನೆಂದರೆ ಅನುಮಾನವೇ ಬೇಡ, ಕರೆ ಕತ್ತರಿಸಿ.

ಚಾಟ್‌ನಲ್ಲಿ ಉದ್ದ ಕಥೆ ಬೇಡ. ಮೇಷ್ಟ್ರು ಹೀಗೆ ಬರೆದರೆ ಸಾಕು: ‘ನನ್ನ ಖಾತೆಯ ಇಮೇಲನ್ನು ನನಗೆ ಗೊತ್ತಿಲ್ಲದೆ ಬದಲಿಸಲಾಗಿದೆ. ಹಳೆಯ ಇಮೇಲ್ ಇದು, ಈಗಲೂ ನನ್ನ ಬಳಿ ಇದೆ. ಬದಲಾಗಿದೆ ಎಂಬ ಮೇಲ್ ಬಂದದ್ದು ಇಂಥ ದಿನ ಇಷ್ಟು ಗಂಟೆಗೆ. ಕೊನೆಯದಾಗಿ ನಾನು 199 ರೂಪಾಯಿ ಕಟ್ಟಿದ್ದು ಇಂಥ ದಿನ, ವಹಿವಾಟಿನ ಸಂಖ್ಯೆ ಇದು. ಹಳೆಯ ಇಮೇಲ್ ವಾಪಸ್ ಹಾಕಿಕೊಡಿ, ಎಲ್ಲ ಸಾಧನಗಳಿಂದ ಹೊರಹಾಕಿ, ನಾನು ಕೇಳದೆ ಏರಿಸಿದ ಪ್ಲಾನ್ ಇಳಿಸಿ.’ ಕಡಿತ ಆಗಿಹೋಗಿದ್ದರೆ ಹೆಚ್ಚುವರಿ 450 ರೂಪಾಯಿ ಮರಳಿಸಿ ಎಂದು ಅದೇ ಮಾತುಕತೆಯಲ್ಲೇ ಕೇಳಿ. ಚಾಟ್ ಮುಗಿಯುವ ಮುಂಚೆ ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ನಿಮ್ಮನ್ನು ಗುರುತಿಸಲು ಅವರು ಹಲವು ಪ್ರಶ್ನೆ ಕೇಳಬಹುದು. ಸಿವಿವಿ, ಯುಪಿಐ ಪಿನ್, ಬ್ಯಾಂಕಿನ ಓಟಿಪಿ ಮಾತ್ರ ಯಾರಿಗೂ ಕೊಡುವಂಥದ್ದಲ್ಲ.

ನಿಮ್ಮ ನೆಟ್‌ಫ್ಲಿಕ್ಸ್ ಮೊಬೈಲ್ ಅಥವಾ ಬ್ರಾಡ್‌ಬ್ಯಾಂಡ್ ಪ್ಯಾಕ್ ಜೊತೆಗೆ ಬಂದದ್ದಾದರೆ ದಾರಿ ಸ್ವಲ್ಪ ಬೇರೆ. ಪಾವತಿಯ ದಾಖಲೆ ಟೆಲಿಕಾಂ ಕಂಪನಿಯ ಬಿಲ್‌ನಲ್ಲಿರುತ್ತದೆ, ಅದನ್ನೇ ತೋರಿಸಬೇಕು.

ಖಾತೆ ಕೈಗೆ ಬಂದ ಮೊದಲ ಹತ್ತು ನಿಮಿಷ

ಇಮೇಲ್ ಸರಿಯಾದ ಕೂಡಲೇ ಸಿನಿಮಾ ಹಾಕಬೇಡಿ. ಮೊದಲು ಬೇರೆಲ್ಲೂ ಬಳಸದ ಹೊಸ ಪಾಸ್‌ವರ್ಡ್ ಇಡಿ. ಅದಾದ ಮೇಲೆ Sign out of all devices ಒತ್ತಿ. ಈ ಕ್ರಮ ತಿರುಗುಮುರುಗಾದರೆ ಹೊರಹೋದವನು ಹಳೆಯ ಪಾಸ್‌ವರ್ಡ್ ಹಾಕಿ ಮತ್ತೆ ಒಳಗೆ ಬರುತ್ತಾನೆ. ಬಳಿಕ ಖಾತೆಯಲ್ಲಿರುವ ಫೋನ್ ಸಂಖ್ಯೆ ನೋಡಿ. ಅಲ್ಲಿ ಅಪರಿಚಿತ ಸಂಖ್ಯೆ ಉಳಿದರೆ, ನೀವು ಬಳಸಿದ ಅದೇ ಎಸ್‌ಎಂಎಸ್ ದಾರಿ ಅವನಿಗೂ ತೆರೆದೇ ಇರುತ್ತದೆ.

ಪಾವತಿಯ ಭಾಗದಲ್ಲಿ ಯಾರದೋ ಕಾರ್ಡ್ ಕಂಡರೆ ಅಚ್ಚರಿಪಡಬೇಡಿ. ತಾನು ಒಂದಷ್ಟು ತಿಂಗಳು ಉಳಿಯಬೇಕೆಂದು ಕಳ್ಳ ಹಾಗೆ ಮಾಡುವುದುಂಟು, ಆ ಕಾರ್ಡೂ ಕದ್ದದ್ದೇ ಇರಬಹುದು. ಹೇಗೂ ಬಿಟ್ಟಿ ಅಂತ ಅದರಲ್ಲೇ ಮುಂದುವರಿದರೆ ನಾಳೆ ಕಾರ್ಡಿನ ಮಾಲೀಕರ ದೂರು ನಿಮ್ಮ ಖಾತೆಯ ಕಡೆ ಬೆರಳು ತೋರಿಸುತ್ತದೆ. ನಿಮ್ಮ ಪಾವತಿ ವಿಧಾನ ಹಾಕಿ, ಆ ಕಾರ್ಡನ್ನು ತೆಗೆದುಬಿಡಿ, ಚಾಟ್‌ನಲ್ಲೂ ತಿಳಿಸಿ.

ಪ್ರೊಫೈಲ್‌ಗಳ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳುವುದು ಒಳ್ಳೆಯದು. ಹೆಸರು, ಚಿತ್ರ, ಭಾಷೆ ಬದಲಿಸಿದ್ದರೆ ಮತ್ತೆ ತಿದ್ದಬಹುದು. ಅವನು ನೋಡಿದ್ದನ್ನೆಲ್ಲ Viewing activity ಪಟ್ಟಿಯಿಂದ ಒಂದೊಂದಾಗಿ ತೆಗೆದರೆ ಶಿಫಾರಸುಗಳೂ ದಾರಿಗೆ ಬರುತ್ತವೆ. ಆದರೆ ಮಗಳ ಪ್ರೊಫೈಲನ್ನೇ ಅಳಿಸಿದ್ದರೆ ಅದರ ಜೊತೆ ಅವಳ ಪಟ್ಟಿ, ಅರ್ಧ ನೋಡಿ ಬಿಟ್ಟ ಸರಣಿ ಎಲ್ಲವೂ ಹೋದ ಹಾಗೆ. ಪ್ರೊಫೈಲ್ ವರ್ಗಾವಣೆಯ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಮುಚ್ಚಿಡಿ. ಅದು ಮನೆಯಿಂದ ಬೇರೆ ಹೋದವರು ತಮ್ಮ ಪ್ರೊಫೈಲ್ ಹೊಸ ಖಾತೆಗೆ ಒಯ್ಯಲೆಂದು 2022ರಲ್ಲಿ ಬಂದದ್ದು, ಕಳ್ಳನಿಗೆ ಬಿಟ್ಟುಕೊಡಲಿಕ್ಕಲ್ಲ.

ಹಣ ಹೆಚ್ಚು ಹೋಗಿ ಕಂಪನಿ ಕೊಡಲು ಒಪ್ಪದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಆಟೊಪೇಗೆ ನೀವೇ ಒಪ್ಪಿಗೆ ಕೊಟ್ಟಿದ್ದಿರಲ್ಲ ಎಂದು ಬ್ಯಾಂಕಿನವರು ವಾದಿಸಬಹುದು. ಆಗ ಪ್ಲಾನ್ ಬದಲಾದ ಸಮಯ ತೋರಿಸುವ ಮೇಲ್ ಮತ್ತು ಚಾಟ್‌ನ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರುತ್ತವೆ. ಬೇರೆ ಖಾತೆಗಳಿಂದಲೂ ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ತಾಣದಲ್ಲಿ ದಾಖಲಿಸಿ.

ಇಷ್ಟೆಲ್ಲ ರಗಳೆ ಯಾಕೆ, ಚಂದಾ ರದ್ದು ಮಾಡಿ ಹೊಸ ಖಾತೆ ತೆರೆಯೋಣ ಅನ್ನುವವರಿಗೆ ಒಂದು ಮಾತು. ರದ್ದಾದ ಮೇಲೂ ನೆಟ್‌ಫ್ಲಿಕ್ಸ್ ಹಲವು ತಿಂಗಳು ಪ್ರೊಫೈಲ್ ಮತ್ತು ಖಾತೆಯ ವಿವರಗಳನ್ನು ಕಾದಿಡುತ್ತದೆ. ಲಾಗಿನ್ ಗೊತ್ತಿದ್ದವರು ಆ ಅವಧಿಯಲ್ಲಿ ಅದನ್ನು ಮತ್ತೆ ಚಾಲೂ ಮಾಡಬಹುದು. ರದ್ದು ಮಾಡುವುದಿದ್ದರೂ ಖಾತೆಯನ್ನು ಮೊದಲು ನಿಮ್ಮ ಇಮೇಲ್‌ಗೆ ತಂದುಕೊಂಡು, ಪಾಸ್‌ವರ್ಡ್ ಬದಲಿಸಿ, ಆಮೇಲೆ ಮಾಡಿ. ಯುಪಿಐ ಆ್ಯಪ್‌ನ ಆಟೊಪೇ ರದ್ದು ಮಾಡಬೇಕಾದ್ದು ಆಗ.