ಸ್ಕ್ರೀನ್ ಶೇರ್: ಏನು ಕಾಣಿಸುತ್ತದೆ, ಹೇಗೆ ನಿಲ್ಲಿಸಬೇಕು?



ಹಿಟ್ನಾಳ ಭಾಗದ ಸಂಘಗಳಲ್ಲಿಯೂ ಈಗ ತರಬೇತಿ, ಲೆಕ್ಕಪತ್ರದ ಪರಿಶೀಲನೆ ಎಲ್ಲ ಕಂಪ್ಯೂಟರಿನ ವಿಡಿಯೋ ಸಭೆಯಲ್ಲಿ ನಡೆಯುವುದುಂಟು. ಆಗ ಆ ಕಡೆಯವರು, "ಅಕ್ಕಾರೆ, ನಿಮ್ಮ ಸ್ಕ್ರೀನ್ ಸ್ವಲ್ಪ ಶೇರ್ ಮಾಡ್ರಿ" ಅಂತಾರೆ. ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅವಸರದಲ್ಲಿ ಎಲ್ಲಿಯೋ ಒತ್ತಿಬಿಡುತ್ತೇವೆ. ಆ ಪೆಟ್ಟಿಗೆ ನಮ್ಮನ್ನು ಕೇಳುವುದೇನು, ಒಪ್ಪಿದರೆ ಎಷ್ಟು ಕಾಣಿಸುತ್ತದೆ, ಕೊಟ್ಟ ಒಪ್ಪಿಗೆ ವಾಪಸ್ ಪಡೆಯುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಂಘದ ಬುಕ್ ಬರೆಯುವ ಅಕ್ಕ ಒಕ್ಕೂಟದ ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ಕ್ರೋಮ್ ಬ್ರೌಸರಿನಲ್ಲಿ ಮೂರು ಟ್ಯಾಬ್ ತೆರೆದಿವೆ. ಒಂದರಲ್ಲಿ ಗೂಗಲ್ ಮೀಟ್ ಸಭೆ, ಇನ್ನೊಂದರಲ್ಲಿ ಸಂಘದ ಉಳಿತಾಯದ ಲೆಕ್ಕ, ಮೂರನೆಯದರಲ್ಲಿ ಅವಳ ವಾಟ್ಸಾಪ್. ಸಭೆಯವರಿಗೆ ಬೇಕಾದದ್ದು ಉಳಿತಾಯದ ಲೆಕ್ಕ ಮಾತ್ರ.

ಅವಳು ಶೇರ್ ಗುಂಡಿ ಒತ್ತಿದ ಕೂಡಲೇ ಬರುವ ಪೆಟ್ಟಿಗೆಯನ್ನು ತೋರಿಸುವುದು ಬ್ರೌಸರ್, ಸಭೆಯ ಸೈಟ್ ಅಲ್ಲ. ಯಾವ ಸೈಟೂ ನಮಗೆ ಗೊತ್ತಿಲ್ಲದ ಹಾಗೆ ಸ್ಕ್ರೀನ್ ನೋಡಬಾರದೆಂದು ಬ್ರೌಸರ್ ನಡುವೆ ನಿಂತು ನಮ್ಮನ್ನೇ ಕೇಳುತ್ತದೆ. ಏನು ತೋರಿಸಬೇಕು ಎಂದು ಆರಿಸುವವರು ನಾವೇ. ಕೇಳುತ್ತಿರುವ ಸೈಟಿನ ಹೆಸರು ಆ ಪೆಟ್ಟಿಗೆಯಲ್ಲಿ ಬರೆದಿರುತ್ತದೆ. ಮೊದಲು ಅದನ್ನು ಓದಬೇಕು. ಅದರ ಕೆಳಗೆ ಮೂರು ಆಯ್ಕೆ ಇರುತ್ತವೆ.

1. Chrome Tab: ಇದು ಕಪಾಟಿನ ಒಂದು ಗೂಡನ್ನು ಮಾತ್ರ ತೋರಿಸಿದಂತೆ. ಅಕ್ಕ ಉಳಿತಾಯದ ಟ್ಯಾಬ್ ಆರಿಸಿದರೆ ಸಭೆಯವರಿಗೆ ಅದೊಂದೇ ಕಾಣುತ್ತದೆ. ನಡುವೆ ಅವಳು ವಾಟ್ಸಾಪ್ ಟ್ಯಾಬಿಗೆ ಹೋಗಿ ಬಂದರೂ ಅದು ಅವರಿಗೆ ಕಾಣುವುದಿಲ್ಲ. ಆದರೆ ಒಂದು ಮಾತು ನೆನಪಿರಲಿ. ತೋರಿಸುತ್ತಿರುವ ಅದೇ ಟ್ಯಾಬಿನಲ್ಲಿ ಬ್ಯಾಂಕಿನ ಪುಟ ತೆರೆದರೆ, ಆ ಪುಟವೂ ಕಾಣುತ್ತದೆ.

2. Window: ಇದು ಇಡೀ ಕಪಾಟು ತೆರೆದಂತೆ. ಬ್ರೌಸರಿನ ಕಿಟಕಿಯನ್ನೇ ಆರಿಸಿದರೆ, ಅದರೊಳಗೆ ಅಕ್ಕ ಯಾವ ಟ್ಯಾಬಿಗೆ ಹೋದರೆ ಆ ಟ್ಯಾಬ್ ಅವರಿಗೂ ಕಾಣುತ್ತದೆ. ವಾಟ್ಸಾಪಿಗೆ ಹೋದರೆ ವಾಟ್ಸಾಪ್ ಕೂಡ ಬಯಲು.

3. Entire Screen: ಇದು ಮನೆಯ ಬಾಗಿಲನ್ನೇ ತೆರೆದಿಟ್ಟಂತೆ. ಪರದೆಯ ಮೇಲೆ ಏನೇನು ಬರುತ್ತದೋ ಅಷ್ಟೂ ಹೋಗುತ್ತದೆ. ಮೂಲೆಯಲ್ಲಿ ಪಟ್ಟನೆ ಮೂಡುವ ಮೆಸೇಜ್, ತೆರೆದ ಫೈಲ್, ಫೋಟೋ, ಎಲ್ಲವೂ.

ಹಾಗಾಗಿ ಅಕ್ಕನಿಗೆ ಮೊದಲನೆಯದೇ ಸರಿ. ಟ್ಯಾಬಿನ ಶಬ್ದವನ್ನೂ ಕಳಿಸಬೇಕೇ ಎಂದು ಅಲ್ಲಿಯೇ ಕೇಳಿರುತ್ತದೆ. ಲೆಕ್ಕ ತೋರಿಸಲು ಶಬ್ದ ಬೇಡ, ಅದನ್ನು ತೆಗೆದುಬಿಡಬೇಕು. ಆಮೇಲೆ Share ಒತ್ತಬೇಕು. ಸಂಶಯ ಬಂದರೆ Cancel ಒತ್ತಿದರಾಯಿತು, ಸಭೆ ಮುಂದುವರಿಯುತ್ತದೆ.

ಈ ಒಪ್ಪಿಗೆಯಿಂದ ಆ ಕಡೆಯವರು ನೋಡಬಹುದು ಅಷ್ಟೇ. ನಮ್ಮ ಮೌಸ್ ಓಡಿಸಿ ಹಣ ಕಳಿಸಲಾರರು, ನಾವು ತೆರೆಯದ ಫೈಲ್ ಓದಲಾರರು. ಆದರೆ ನೋಡುವುದೇ ಸಾಕಾಗುವ ಸಂದರ್ಭ ಇದೆ. ಓ.ಟಿ.ಪಿ. ನೋಡಿದವರಿಗೆ ಅದನ್ನು ಬಾಯಿಬಿಟ್ಟು ಕೇಳುವ ಅಗತ್ಯವೇ ಇಲ್ಲ. ಅವರು ಅದನ್ನು ರೆಕಾರ್ಡ್ ಕೂಡ ಮಾಡಿಕೊಳ್ಳಬಹುದು. ಇದರ ಜೊತೆಗೆ "ಈ ಆಪ್ ಹಾಕ್ಕೊಳ್ರಿ, ನಾವೇ ಸರಿ ಮಾಡಿ ಕೊಡ್ತೀವಿ" ಎಂದರೆ ಅದು ಬೇರೆಯೇ ಮಾತು. ಅಂಥ ಕೆಲವು ಆಪ್‌ಗಳಿಂದ ದೂರದಲ್ಲಿ ಕೂತೇ ನಮ್ಮ ಫೋನು, ಕಂಪ್ಯೂಟರ್ ನಡೆಸಬಹುದು. ಅದನ್ನು ಹಾಕಿಕೊಳ್ಳಲೇಬಾರದು.

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಬ್ಬ ವಕೀಲೆಗೆ ಕೊರಿಯರ್ ಕಂಪನಿಯ ಹೆಸರಿನಲ್ಲಿ ಫೋನ್ ಬಂತು. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಹೆದರಿಸಿ, ಪೊಲೀಸರ ಸೋಗಿನಲ್ಲಿ ಅವರನ್ನು ವಿಡಿಯೋ ಕರೆಗೆ ಎಳೆದರು. ಕ್ಯಾಮೆರಾ ಬಂದ್ ಮಾಡಬೇಡಿ, ಸ್ಕ್ರೀನ್ ಶೇರ್ ಮಾಡಿ ಎಂದರು. ಅವರು ಬೇರೆ ಯಾರಿಗಾದರೂ ಫೋನ್ ಮಾಡುತ್ತಾರೋ, ಮೆಸೇಜ್ ಹಾಕುತ್ತಾರೋ ಎಂದು ಕಾಯುವುದಕ್ಕೆ ಈ ಉಪಾಯ. ಕೊನೆಗೆ ಅವರು 14 ಲಕ್ಷ ರೂಪಾಯಿಗೂ ಹೆಚ್ಚು ಹಣ ಕಳೆದುಕೊಂಡರು. ಅದು ಬ್ರೌಸರ್ ಅಲ್ಲ, ಕರೆ ಮಾಡುವ ಆಪ್. ಆದರೆ ಕೊಟ್ಟ ಒಪ್ಪಿಗೆ ಅದೇ. ಕಾನೂನು ಓದಿದವರಿಗೇ ಹೀಗಾಯಿತು. ಸ್ಕ್ರೀನ್ ತೋರಿಸಿದ್ದರಿಂದ ಹತ್ತಿರದವರನ್ನು ಸಹಾಯಕ್ಕೆ ಕರೆಯುವ ದಾರಿಯೂ ಅವರಿಗೆ ಕಟ್ಟಿಹೋಯಿತು ಎಂಬುದನ್ನು ನಾವು ಗಮನಿಸಬೇಕು.

ಇನ್ನು ನಿಲ್ಲಿಸುವ ಬಗೆ. ಪೂರ್ತಿ ಪರದೆ ಇಲ್ಲವೇ ಕಿಟಕಿ ತೋರಿಸುತ್ತಿರುವಾಗ ಪರದೆಯ ಮೇಲೆ ಒಂದು ಸಣ್ಣ ಪಟ್ಟಿ ಇರುತ್ತದೆ. ಅದರಲ್ಲಿ ಎರಡು ಗುಂಡಿ: Stop sharing ಮತ್ತು Hide. ತಪ್ಪಾಗುವುದು ಇಲ್ಲಿಯೇ. Hide ಒತ್ತಿದರೆ ಪಟ್ಟಿ ಮಾತ್ರ ಮರೆಯಾಗುತ್ತದೆ, ತೋರಿಸುವುದು ನಡೆದೇ ಇರುತ್ತದೆ. ನಿಲ್ಲಬೇಕಾದರೆ Stop sharing ಒತ್ತಬೇಕು. ಒಂದೇ ಟ್ಯಾಬ್ ತೋರಿಸುತ್ತಿದ್ದರೆ ನಿಲ್ಲಿಸುವ ಗುಂಡಿ ಬ್ರೌಸರಿನ ಮೇಲ್ಭಾಗದ ಪಟ್ಟಿಯಲ್ಲಿ ಸಿಗುತ್ತದೆ. ಪಟ್ಟಿ ಕಾಣದೇ ಹೋದರೆ ಗಾಬರಿ ಬೇಡ. ಸಭೆ ನಡೆಯುತ್ತಿರುವ ಟ್ಯಾಬನ್ನೇ ಮುಚ್ಚಿರಿ, ಶೇರ್ ಅಲ್ಲಿಗೆ ಮುಗಿಯಿತು.

ಕ್ಯಾಮೆರಾ, ಮೈಕಿಗೆ ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಬ್ರೌಸರ್ ನೆನಪಿಟ್ಟುಕೊಳ್ಳಬಹುದು. ಸ್ಕ್ರೀನಿನ ಒಪ್ಪಿಗೆ ಹಾಗಲ್ಲ, ಪ್ರತಿ ಸಾರಿ ಹೊಸದಾಗಿ ಕೇಳಲೇಬೇಕು. ಹೋದ ವಾರದ ಸಭೆಯಲ್ಲಿ ಕೊಟ್ಟ ಒಪ್ಪಿಗೆಯಿಂದ ಈ ವಾರ ಯಾರೂ ಇಣುಕುವುದಿಲ್ಲ.

ಆಂಡ್ರಾಯ್ಡ್ ಮೊಬೈಲಿನಲ್ಲಿ ಸಭೆಯ ಆಪ್ ಶೇರ್ ಕೇಳಿದಾಗ ಫೋನೇ ಎಚ್ಚರಿಕೆ ತೋರಿಸುತ್ತದೆ. ಪಾಸ್‌ವರ್ಡ್, ಹಣ ಪಾವತಿಯ ವಿವರ, ಮೆಸೇಜ್, ಫೋಟೋ, ಹೀಗೆ ಪರದೆಯ ಮೇಲೆ ಕಾಣುವುದೆಲ್ಲ ಆ ಆಪ್‌ಗೆ ಕಾಣುತ್ತದೆ ಎಂಬುದು ಅದರ ಅರ್ಥ. ಹೊಸ ಫೋನುಗಳಲ್ಲಿ ಒಂದೇ ಆಪ್ ತೋರಿಸುವ ಆಯ್ಕೆಯೂ ಇರುತ್ತದೆ, ಅದನ್ನೇ ಆರಿಸಿರಿ. ನಿಲ್ಲಿಸಲು ಅದೇ ಆಪ್‌ನಲ್ಲಿ ಶೇರ್ ನಿಲ್ಲಿಸುವ ಗುಂಡಿ ಒತ್ತಿರಿ, ಇಲ್ಲವೇ ಕರೆಯನ್ನೇ ಕತ್ತರಿಸಿರಿ.

ಕೊನೆಯದಾಗಿ, ನಿಲ್ಲಿಸುವುದು ಮುಂದಿನದಕ್ಕೆ ಮಾತ್ರ. ಅಷ್ಟರೊಳಗೆ ಅವರು ನೋಡಿದ್ದು ನೋಡಿದ್ದೇ, ಅದನ್ನು ವಾಪಸ್ ಪಡೆಯಲಾಗದು. ಪಾಸ್‌ವರ್ಡ್ ಕಂಡಿರಬಹುದು ಅನ್ನಿಸಿದರೆ ಅದೇ ದಿನ ಬದಲಿಸಿರಿ. ಖಾತೆಯ ವಿವರ, ಓ.ಟಿ.ಪಿ. ಕಂಡಿದ್ದರೆ ಪಾಸ್‌ಬುಕ್ ಮೇಲೆ ಇರುವ ಸಂಖ್ಯೆಗೆ ಬೇರೆ ಫೋನಿನಿಂದ ಕರೆ ಮಾಡಿ ಬ್ಯಾಂಕಿಗೆ ತಿಳಿಸಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಿರಿ. ಬೇಗ ತಿಳಿಸಿದಷ್ಟೂ ಹಣ ಮುಂದೆ ಹೋಗದಂತೆ ತಡೆಯುವ ಅವಕಾಶ ಹೆಚ್ಚು.

ಸಂಘದ ಸಭೆಯಲ್ಲಿ ಚರ್ಚಿಸಲು:

1. ಉದಾಹರಣೆಯ ಅಕ್ಕ Window ಆರಿಸಿ ವಾಟ್ಸಾಪ್ ಟ್ಯಾಬಿಗೆ ಹೋದರೆ ಸಭೆಯವರಿಗೆ ಏನು ಕಾಣುತ್ತದೆ?

2. Hide ಮತ್ತು Stop sharing ನಡುವೆ ವ್ಯತ್ಯಾಸವೇನು?

3. ಸಂಘದ ಲೆಕ್ಕ ತೋರಿಸುವ ಮುನ್ನ ಕಂಪ್ಯೂಟರಿನಲ್ಲಿ ಏನೇನು ಮುಚ್ಚಬೇಕು? ಪಟ್ಟಿ ಮಾಡಿ ಬುಕ್ಕಿನಲ್ಲಿ ಬರೆದಿಡಿರಿ.