ಎರಡು ರೂಪಾಯಿ ಸಿ.ಡಿ., ಹನ್ನೊಂದು ರೂಪಾಯಿ ಬಡ್ಡಿ

ಚನ್ನಗಿರಿ ಕಡೆ ನಮ್ಮದೊಂದು ಪೈಪು, ಪಂಪು, ಫಿಟ್ಟಿಂಗ್ ಅಂಗಡಿ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅಡಿಕೆ ತೋಟದವರು. ಬೇಸಿಗೆಯಲ್ಲಿ ಬೋರ್ ಕೊರೆಸಿದ ದಿನವೇ ಪೈಪು ಬೇಕು, ದುಡ್ಡು ಮಾತ್ರ ಅಡಿಕೆ ಮಾರಿದ ಮೇಲೆ. ಆ ಉದ್ರಿ ಬರುವುದರೊಳಗೆ ನಾವು ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರಿಗೆ ಹಣ ಕಳಿಸಬೇಕು. ಅವರ ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದೆ: 10 ದಿನದೊಳಗೆ ಪಾವತಿಯಾದರೆ 2% ಸಿ.ಡಿ., ಇಲ್ಲವಾದರೆ 45 ದಿನಕ್ಕೆ ಪೂರ್ತಿ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಜಗಳ ನಡೆದದ್ದು ಈ ಒಂದು ಸಾಲಿಗಾಗಿ. ಜಗಳ ಹೂಡಿದವಳು ನಾನು, ಇವತ್ತಿಗೂ ಅದಕ್ಕೆ ಬೇಸರವಿಲ್ಲ.

ಅಂಗಡಿಯ ಯಜಮಾನಿಕೆ ಭಾವನವರದು, ಅಂದರೆ ನಮ್ಮ ಯಜಮಾನರ ಅಣ್ಣನದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಬ್ಯಾಂಕಿನಲ್ಲಿ ನಮಗೆ 25 ಲಕ್ಷದ ಸಿ.ಸಿ. ಇತ್ತು. ಅದನ್ನು ಮುಟ್ಟದೇ ಇರುವುದೇ ಭಾವನವರಿಗೆ ಹೆಮ್ಮೆ. "ನಾವು ಬ್ಯಾಂಕಿನ ಬಡ್ಡಿ ಕಟ್ಟೋರಲ್ಲ" ಎಂದು ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ನಾನು ಮೊದಲ ಸಲ ಸಿ.ಡಿ. ವಿಷಯ ಎತ್ತಿದಾಗ ಅವರು ಕೇಳಿದ್ದು ಒಂದೇ ಮಾತು: "ನೋಡಮ್ಮಾ, ಸಿ.ಡಿ. ಎಷ್ಟು? ಎರಡು. ಬ್ಯಾಂಕಿನ ಬಡ್ಡಿ ಎಷ್ಟು? ಹನ್ನೊಂದು. ಎರಡು ದೊಡ್ಡದೋ, ಹನ್ನೊಂದು ದೊಡ್ಡದೋ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಮ್ಮ ಯಜಮಾನರೂ ನಕ್ಕರು, ಅದನ್ನು ನಾನು ಮರೆತಿಲ್ಲ.

ಬ್ಯಾಂಕಿನ ಹನ್ನೊಂದು ಇಡೀ ವರ್ಷದ್ದು. ಸಿ.ಡಿ.ಯ ಎರಡು, ಹತ್ತನೇ ದಿನದಿಂದ ನಲವತ್ತೈದನೇ ದಿನದವರೆಗಿನ ಬರೀ 35 ದಿನದ್ದು. ಹತ್ತನೇ ದಿನ ಕೊಡಬಹುದಾಗಿದ್ದ ಹಣವನ್ನು ಇನ್ನೂ 35 ದಿನ ಇಟ್ಟುಕೊಂಡಿದ್ದಕ್ಕೆ ನಾವು ಡಿಸ್ಟ್ರಿಬ್ಯೂಟರಿಗೆ ಕೊಡುವ ಬಾಡಿಗೆ ಅದು. ಬಿಲ್ಲಿನಲ್ಲಿ ಬಡ್ಡಿ ಎಂದು ಎಲ್ಲೂ ಬರೆದಿರುವುದಿಲ್ಲವಾದ್ದರಿಂದ ಕೊಡುತ್ತಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ.

ಒಂದು ಬಿಲ್ಲನ್ನೇ ತೆಗೆದುಕೊಳ್ಳುತ್ತೇನೆ. ಮಾಲಿನ ಬೆಲೆ 4,00,000, ಜಿ.ಎಸ್.ಟಿ. 18% ಅಂದರೆ 72,000, ಒಟ್ಟು 4,72,000. ಓದಿದವರು ಪುಸ್ತಕದ ಸೂತ್ರ ಹಾಕುತ್ತಾರೆ: 98 ರೂಪಾಯಿಗೆ 2 ರೂಪಾಯಿ, ಅದನ್ನು 35 ದಿನದಿಂದ 365 ದಿನಕ್ಕೆ ಏರಿಸಿದರೆ ವರ್ಷಕ್ಕೆ 21.28%. ನಾನೂ ಮೊದಲು ಅಷ್ಟೇ ಅಂದುಕೊಂಡಿದ್ದೆ. ಆದರೆ ನಮ್ಮ ಡಿಸ್ಟ್ರಿಬ್ಯೂಟರ್ ಸಿ.ಡಿ. ಕೊಡುವುದು ಮಾಲಿನ ಬೆಲೆಯ ಮೇಲೆ ಮಾತ್ರ, ತೆರಿಗೆಯ ಮೇಲಲ್ಲ. ಹಾಗಾಗಿ ಸಿಗುವುದು 8,000, ಬೇಗ ಕಳಿಸಬೇಕಾದದ್ದು ತೆರಿಗೆಯೂ ಸೇರಿ 4,64,000. ಲೆಕ್ಕ ಹೀಗಾಗುತ್ತದೆ:

8,000 ÷ 4,64,000 × 365 ÷ 35 = ಸುಮಾರು 18%

ಮೂರು ಪಾಯಿಂಟಿಗಿಂತ ಹೆಚ್ಚು ಇಲ್ಲಿಯೇ ಕರಗಿತು. ಆದರೂ 18 ಅಂದರೆ 18. ಹನ್ನೊಂದರ ಬ್ಯಾಂಕನ್ನು ಬಿಟ್ಟು ಹದಿನೆಂಟರ ಸಾಲ ಮಾಡಿದ್ದೆವು. ಇದೇ ಬಿಲ್ಲಿಗೆ ಸಿ.ಸಿ.ಯಿಂದ 4,64,000 ತೆಗೆದು 35 ದಿನ ಇಟ್ಟರೆ ಬಡ್ಡಿ ಸುಮಾರು 4,900. ಉಳಿಯುವುದು 3,100. ತಿಂಗಳಿಗೆ ಅಂಥ ಎರಡು ಬಿಲ್ಲೆಂದರೆ ವರ್ಷಕ್ಕೆ ಮುಕ್ಕಾಲು ಲಕ್ಷದ ಹತ್ತಿರ. ಸಿ.ಸಿ.ಯಲ್ಲಿ ಆ ದಿನದ ಬಾಕಿಯ ಮೇಲೆ ಮಾತ್ರ ಬಡ್ಡಿ. ನಡುವೆ ಯಾರಾದರೂ ಉದ್ರಿ ತೀರಿಸಿದರೆ ಅದು ಇನ್ನೂ ಇಳಿಯುತ್ತದೆ.

ಭಾವನವರು ಇದಕ್ಕೆ ಕೊಟ್ಟ ಉತ್ತರ ದಡ್ಡತನದ್ದಲ್ಲ, ಅದನ್ನು ಒಪ್ಪಲೇಬೇಕು. "45 ಅಂತ ಬರೆದಿರ್ತಾರೆ, 75ಕ್ಕೆ ಕೊಟ್ರೂ ಯಾರು ಕೇಳ್ತಾರೆ?" ಎಂದರು. 35ರ ಬದಲು 65 ದಿನ ಹಾಕಿ ನೋಡಿದೆ. 18% ಇಳಿದು 9.7ಕ್ಕೆ ಬಂತು. ಬ್ಯಾಂಕಿಗಿಂತ ಅಗ್ಗ! ಲೆಕ್ಕದಲ್ಲಿ ಅವರದೇ ಸರಿ. ಆದರೆ ಮಾರ್ಚ್‌ನಲ್ಲಿ ಪೈಪಿನ ರೇಟು ಏರುತ್ತದೆ ಎಂಬ ಸುದ್ದಿ ಬಂದಾಗ ಹಳೇ ರೇಟಿನ ಮಾಲು ಯಾರಿಗೆ ಹೋಗುತ್ತದೆ? ಬಾಕಿ ಇಲ್ಲದವರಿಗೆ. ನಮ್ಮ ಆರ್ಡರಿನ ಲಾರಿ "ನಾಳೆ, ನಾಳೆ" ಎನ್ನುತ್ತಾ ನಿಂತೇ ಇತ್ತು, ಎದುರು ಅಂಗಡಿಗೆ ಎರಡು ಲೋಡು ಇಳಿಯಿತು. ಇನ್ನೊಂದು ಕಡೆಯಿಂದ, ನಮಗೆ ಫಿಟ್ಟಿಂಗ್ ಕೊಡುವ ಒಂದು ಸಣ್ಣ ಕಾರ್ಖಾನೆ ಉದ್ಯಮ್ ನೋಂದಣಿ ಮಾಡಿಸಿದೆ. ಅಂಥ ಸಣ್ಣ ತಯಾರಕರಿಗೆ 45 ದಿನ ದಾಟಿಸಿದ ಬಿಲ್ಲು ಮಾರ್ಚ್ ಕೊನೆಗೂ ಬಾಕಿ ಇದ್ದರೆ ಆ ವರ್ಷದ ಖರ್ಚಿಗೆ ಸೇರಿಸುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮ 2023-24ರ ಲೆಕ್ಕದಿಂದ ಬಂದಿದೆ. ಆಡಿಟರು ಅದನ್ನು ಹೇಳಿದ ದಿನ ಭಾವನವರು ಊಟ ಸರಿಯಾಗಿ ಮಾಡಲಿಲ್ಲ.

ಕೊನೆಗೆ "ಒಂದು ಬಿಲ್ಲಿಗೆ ಮಾಡಿ ನೋಡು" ಎಂದರು. ಆ ಬಿಲ್ಲು ಮೇಲೆ ಹೇಳಿದ 4,72,000ದ್ದೇ.

ಹತ್ತನೇ ದಿನ ಶುಕ್ರವಾರ ಬಿತ್ತು. ಬೆಳಿಗ್ಗೆ ನೆಟ್ ಬ್ಯಾಂಕಿಂಗ್ ತೆರೆದು ಆರ್.ಟಿ.ಜಿ.ಎಸ್. ಹಾಕಿದರೆ ಹಣ ಸಾಲದು ಎಂದು ತೋರಿಸಿತು. ಮುಟ್ಟದೇ ಇಟ್ಟಿದ್ದ 25 ಲಕ್ಷದ ಸಿ.ಸಿ.ಯಲ್ಲಿ ನಾಲ್ಕೂವರೆ ಲಕ್ಷ ಇಲ್ಲವೆಂದರೆ! ಬ್ಯಾಂಕಿಗೆ ಓಡಿದೆ. ಸಾಲದ ವಿಭಾಗದ ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ಎತ್ತದೆ "ಸ್ಟಾಕ್ ಸ್ಟೇಟ್‌ಮೆಂಟ್ ಬಂದಿಲ್ಲ, ಡ್ರಾಯಿಂಗ್ ಪವರ್ ಅವಧಿ ಮುಗಿದಿದೆ" ಎಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಲಿಮಿಟ್ 25 ಲಕ್ಷ ಎಂದ ಮಾತ್ರಕ್ಕೆ ಅಷ್ಟೂ ಸಿಗುವುದಿಲ್ಲ. ತಿಂಗಳು ತಿಂಗಳು ಅಂಗಡಿಯ ಸ್ಟಾಕು, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ ಬರೆದುಕೊಡಬೇಕು. ಅದರ ಮೇಲೆ ಬ್ಯಾಂಕು ಎಷ್ಟು ತೆಗೆಯಬಹುದು ಎಂದು ಕಟ್ಟುತ್ತದೆ. ಅದು ಹೋಗದಿದ್ದರೆ ಬಾಗಿಲು ಮುಚ್ಚಿದಂತೆಯೇ.

ಸ್ಟೇಟ್‌ಮೆಂಟನ್ನು ನಾನು ತಯಾರಿಸಿ, ಸಹಿಗೆಂದು ಭಾವನವರ ಕೈಗೆ ಕೊಟ್ಟಿದ್ದೆ. ಫೋನು ಮಾಡಿದೆ. "ಅವತ್ತೇ ಕೊಟ್ಟು ಬಂದೆನಲ್ಲಮ್ಮ" ಎಂದರು. ಅಧಿಕಾರಿ ಬಂದಿಲ್ಲ ಎನ್ನುತ್ತಾರೆ, ಇವರು ಕೊಟ್ಟೆ ಎನ್ನುತ್ತಾರೆ. ನಾನು ಆ ಮೇಜಿನ ಮುಂದಿನ ಕುರ್ಚಿಯಿಂದ ಏಳಲಿಲ್ಲ. ಊಟದ ಹೊತ್ತು ಕಳೆಯಿತು. ಯಾರದೋ ಮನೆ ಸಾಲದ ಕಾಗದ, ಯಾರದೋ ಚಿನ್ನದ ಸಾಲ, ಎಲ್ಲ ನನ್ನ ಕಣ್ಣೆದುರೇ ಮುಗಿದವು. ಮೂರು ಗಂಟೆಯ ಮೇಲೆ ಪಕ್ಕದ ಟ್ರೇಯಲ್ಲಿ ಅವರೇ ಏನೋ ಹುಡುಕುವಾಗ ನಮ್ಮ ಅಂಗಡಿಯ ಲೆಟರ್‌ಹೆಡ್ ಕಂಡಿತು. ಎಳೆದು ನೋಡಿದರೆ ನಮ್ಮದೇ ಸ್ಟೇಟ್‌ಮೆಂಟ್, ಮೇಲೆ ಬ್ಯಾಂಕಿನದೇ ಸ್ವೀಕೃತಿ ಮೊಹರು, ತಾರೀಖು ಸಮೇತ. ಮೊಹರಿನ ಮೇಲೆ ಬೆರಳಿಟ್ಟು ತೋರಿಸಿದೆ. "ಎಂಟ್ರಿ ಮಾಡೋರು ರಜೆಯಲ್ಲಿದ್ದರು" ಎಂದರು, ತಪ್ಪಾಯಿತು ಎನ್ನಲಿಲ್ಲ. ಆಮೇಲೆ ಎಂಟ್ರಿ ಹಾಕಿದರು. ಆದರೆ ಅದಕ್ಕೆ ಮ್ಯಾನೇಜರ್ ಒಪ್ಪಿಗೆ ಒತ್ತಬೇಕು, ಮ್ಯಾನೇಜರ್ ದಾವಣಗೆರೆಯಲ್ಲಿ ಮೀಟಿಂಗಿನಲ್ಲಿ. ಸಂಜೆ ಬ್ಯಾಂಕಿನ ಶಟರ್ ಅರ್ಧ ಇಳಿದಾಗ ಸೆಕ್ಯುರಿಟಿಯವನು ಬಂದು "ಅಕ್ಕಾ, ನಾಳೆ ಬರ್ರಿ" ಎಂದ. ಆರ್.ಟಿ.ಜಿ.ಎಸ್. ಈಗ ಹಗಲು ರಾತ್ರಿ ನಡೆಯುತ್ತದೆ, 2020ರ ಡಿಸೆಂಬರಿನಿಂದಲೇ. ಹಣ ಕಳಿಸಲು ರಾತ್ರಿ ಹನ್ನೆರಡರವರೆಗೂ ಸಮಯವಿತ್ತು, ಕಳಿಸಲು ಹಣವೇ ತೆರೆದಿರಲಿಲ್ಲ.

ಶನಿವಾರ ಒಪ್ಪಿಗೆ ಬಂತು. ಹುಬ್ಬಳ್ಳಿಗೆ ಫೋನು ಮಾಡಿದರೆ ಅಲ್ಲಿನ ಅಕೌಂಟೆಂಟ್ "ಹನ್ನೊಂದನೇ ದಿನ ರೀ ಮೇಡಂ, ಸಿಸ್ಟಮ್ ತಗೊಳ್ಳಂಗಿಲ್ಲ" ಎಂದರು. ಎಂಟು ಸಾವಿರ ಹೋಯಿತು. ಅದನ್ನಾದರೂ ನುಂಗುತ್ತಿದ್ದೆ. ಆದರೆ ನಾನು ಮನೆಗೆ ಹೋಗಿ ಬರುವುದರೊಳಗೆ ಭಾವನವರು "ಹೇಗೂ ಕಳಿಸಬೇಕು ಅಂತಿದ್ದಳಲ್ಲ, ಕಳಿಸಿಬಿಡು" ಎಂದು ನಮ್ಮ ಯಜಮಾನರ ಕೈಯಲ್ಲಿ ಪೂರ್ತಿ 4,72,000 ಕಳಿಸಿಬಿಟ್ಟಿದ್ದರು! ಹತ್ತನೇ ದಿನ ತಪ್ಪಿದ ಮೇಲೆ ಹನ್ನೊಂದಕ್ಕೂ ನಲವತ್ತೈದಕ್ಕೂ ಬೆಲೆಯಲ್ಲಿ ವ್ಯತ್ಯಾಸವೇ ಇಲ್ಲ. ಉಳಿದ 34 ದಿನ ಆ ಹಣ ನಮಗೆ ಬಿಟ್ಟಿ. ಅದನ್ನು ಬಿಟ್ಟುಕೊಟ್ಟು ಸಿ.ಸಿ.ಗೆ ಸುಮಾರು 4,800 ಬಡ್ಡಿ ತೆತ್ತೆವು. ಸಿ.ಡಿ.ಯೂ ಇಲ್ಲ, ಬಡ್ಡಿಯೂ ಉಂಟು. ತಿಂಗಳ ಕೊನೆಗೆ ಬಡ್ಡಿ ಬಿದ್ದಾಗ "ನೋಡು, ನಿನ್ನ ಲೆಕ್ಕ" ಎಂದು ಪಾಸ್‌ಬುಕ್ಕನ್ನು ನನ್ನ ಮುಂದಿಟ್ಟವರೂ ಅವರೇ.

ಅವತ್ತು ನಾನು ಶೇಕಡಾದ ಮಾತೇ ಆಡಲಿಲ್ಲ. ಭಾವನವರು ಕೈಸಾಲದ ಲೆಕ್ಕದಲ್ಲಿ ಪಳಗಿದವರು. ಊರಲ್ಲಿ ಯಾರು ನೂರಕ್ಕೆ ಎರಡು ರೂಪಾಯಿಯಂತೆ ತಿಂಗಳ ಬಡ್ಡಿಗೆ ಕೊಡುತ್ತಾರೆ, ಯಾರು ಮೂರಕ್ಕೆ, ಎಲ್ಲ ಬಾಯಿಪಾಠ. "ಭಾವ, ಬ್ಯಾಂಕಿನವರು ನೂರಕ್ಕೆ ತಿಂಗಳಿಗೆ ತೊಂಬತ್ತೆರಡು ಪೈಸೆ ತಗೋತಾರೆ. ಹುಬ್ಬಳ್ಳಿಯವರು ಒಂದೂವರೆ ರೂಪಾಯಿ. ನೀವು ಯಾರ ಹತ್ತಿರ ತರ್ತೀರಿ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಲ್ಲನ್ನು ತೆಗೆದುಕೊಂಡು ತಾವೇ ಬೆರಳೆಣಿಸಿ ಲೆಕ್ಕ ಹಾಕಿದರು.

ಈಗ ಸ್ಟೇಟ್‌ಮೆಂಟನ್ನು ನಾನೇ ಕೊಟ್ಟು, ಎಂಟ್ರಿ ಆದದ್ದನ್ನು ನೋಡಿಯೇ ಬರುತ್ತೇನೆ. ಹಣ ಎಂಟನೇ ದಿನವೇ ಹೋಗುತ್ತದೆ. ದಿನ ಎಣಿಸುವುದು ಬಿಲ್ಲಿನ ತಾರೀಖಿನಿಂದಲೋ ಮಾಲು ಇಳಿದ ದಿನದಿಂದಲೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಂಡಿದ್ದೇವೆ. ಸಿ.ಡಿ.ಯ ಕ್ರೆಡಿಟ್ ನೋಟು ಬಂದಿತೇ ಎಂದು ನೋಡದಿದ್ದರೆ ಮೇಲಿನ ಲೆಕ್ಕವೆಲ್ಲ ಕಾಗದದ ಮೇಲಷ್ಟೇ.

ಈಗಿನ ಜಗಳವೇ ಬೇರೆ. ಭಾವನವರು ಸಿ.ಡಿ. ಎಂಬ ಅಕ್ಷರ ಕಂಡಲ್ಲೆಲ್ಲ ಹಣ ಕಳಿಸಲು ಹೊರಡುತ್ತಾರೆ. ಪಂಪಿನ ಕಂಪನಿಯೊಂದು 7 ದಿನಕ್ಕೆ 1.5%, ಇಲ್ಲವಾದರೆ 60 ದಿನ ಎನ್ನುತ್ತದೆ. ಕಾಯುವುದು 53 ದಿನ, ತೆರಿಗೆ ಸೇರಿಸಿ ಲೆಕ್ಕ ಹಾಕಿದರೆ ವರ್ಷಕ್ಕೆ 9%ಗೂ ಕಡಿಮೆ. ಅದು ಬೇಡ, 60 ದಿನ ಇಟ್ಟುಕೊಳ್ಳೋಣ ಎಂದೆ. ಫಿಟ್ಟಿಂಗ್ ಕಾರ್ಖಾನೆಯದು 15 ದಿನಕ್ಕೆ ಬರೀ 1%, ಇಲ್ಲವಾದರೆ 30 ದಿನ. ನೋಡಲು ಚಿಲ್ಲರೆ, ಆದರೆ 15 ದಿನಕ್ಕೆ ಒಂದು ಎಂದರೆ ವರ್ಷಕ್ಕೆ ಸುಮಾರು 21%. ಅದನ್ನು ಬಿಡಬಾರದು ಎಂದೆ. "ಒಂದೂವರೆ ಬಿಟ್ಟು ಒಂದನ್ನ ಹಿಡೀತಾಳಂತೆ" ಎಂದು ಭಾವನವರು ಅಂಗಡಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಪಂಪಿನ ಬಿಲ್ಲಿನ ಏಳನೇ ದಿನ ಬರುವ ಸೋಮವಾರ. ನೆಟ್ ಬ್ಯಾಂಕಿಂಗಿನ ಪಾಸ್‌ವರ್ಡ್ ಬದಲಾಯಿಸಿದ್ದೇನೆ.